ಗಾದ್ರಪ್ಪ ಗೋಡೆಗೆ ಏರಿಸಿದ ವಂಶಾವಳಿ

ಹೆಳವರ ಗಾದ್ರಪ್ಪನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ನೂರ ನಲವತ್ತು ಮನೆತನಗಳ ವಂಶ ಅವನ ನಾಲಿಗೆಯ ಮೇಲಿತ್ತು. ಜಗಳೂರಿನ ಹತ್ತಿರದ ಹಟ್ಟಿಯೊಂದು ಅವನ ಊರು. ಸುಗ್ಗಿ ಮುಗಿದ ಮೇಲೆ ಎತ್ತಿನ ಕೊರಳಿಗೆ ಗಂಟೆ ಕಟ್ಟಿ, ತಾನು ಅದರ ಬೆನ್ನೇರಿ ಹೊರಟನೆಂದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಎಂದು ಸುತ್ತಿ ಮತ್ತೆ ಊರು ಸೇರುವಾಗ ಮುಂಗಾರು ಶುರುವಾಗಿರುತ್ತಿತ್ತು. ಒಂದು ಮನೆಯ ಸರದಿ ಬರುವುದು ಮೂರು ವರ್ಷಕ್ಕೊಮ್ಮೆ. ಬೆಳಗಿನ ಹೊತ್ತು ಅಂಗಳದಲ್ಲಿ ಎತ್ತು ನಿಲ್ಲಿಸಿ ಗಂಟೆ ಬಾರಿಸಿದರೆ ಒಲೆ ಮುಂದಿನವರು, ಕೊಟ್ಟಿಗೆಯಲ್ಲಿದ್ದವರು ಎಲ್ಲ ಬಂದು ಕೂರಬೇಕು. ಆಗ ಗಾದ್ರಪ್ಪ ಆ ಮನೆಯ ಮೂಲಪುರುಷನಿಂದ ಹಿಡಿದು ತೊಟ್ಟಿಲಲ್ಲಿದ್ದ ಕೂಸಿನವರೆಗೆ ಒಂದೇ ರಾಗದಲ್ಲಿ ಹೇಳುತ್ತ ಹೋಗುವನು. ಹಿಂದಿನ ಸಲ ಬಂದು ಹೋದ ಮೇಲೆ ಹುಟ್ಟಿದವರ ಹೆಸರು ಕೇಳಿಕೊಂಡು ಕೊನೆಗೆ ಸೇರಿಸುವನು. ಒಮ್ಮೆ ಕಿವಿಗೆ ಬಿದ್ದ ಹೆಸರು ಅಲ್ಲಿಂದ ಕದಲುತ್ತಿರಲಿಲ್ಲ.

ಸಾವಿರದ ಒಂಬೈನೂರ ಮೂವತ್ತೆಂಟರಲ್ಲಿ ಅವನ ಗಂಟಲಲ್ಲಿ ಗಡ್ಡೆಯಾಯಿತು. ಆಸ್ಪತ್ರೆಯಲ್ಲಿ ಕೊಯ್ದು ತೆಗೆದರು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಕಿವಿಯನ್ನು ಬಾಯಿಯ ಹತ್ತಿರ ತಂದರೆ ಮಾತ್ರ ಕೇಳುವಷ್ಟು ಪಿಸುಮಾತು ಉಳಿಯಿತು. ಅವನಿಗೆ ಮಕ್ಕಳಿರಲಿಲ್ಲ. ಹೆಂಡತಿ ಅಂಜಿನಮ್ಮ, "ಇದ್ದಷ್ಟು ದಿನ ಕುರಿ ಕಾಯ್ಕೊಂಡು ಇರಾನ ಬಿಡು" ಎಂದಳು. ಗಾದ್ರಪ್ಪ ತಲೆ ಅಲ್ಲಾಡಿಸಿದ.

"ಕುರಿ ಕಾಯಬೌದು ಕಣೇ. ಆದ್ರೆ ಇಷ್ಟು ಜನ ನನ್ನ ಒಳಗೆ ಅದಾರೆ. ನಾನು ಸತ್ರೆ ಅವರು ಇನ್ನೊಂದು ಸಲ ಸಾಯ್ತಾರೆ" ಎಂದು ಅವಳ ಕಿವಿಯಲ್ಲಿ ಹೇಳಿದ.

ನ್ಯಾಮತಿಯಲ್ಲಿ ತಿಪ್ಪೇರುದ್ರಸ್ವಾಮಿ ಎಂಬ ಮೇಷ್ಟ್ರಿದ್ದರು. ಶಾಲೆ ಬಿಟ್ಟ ಮೇಲೆ ಅಂಗಡಿಗಳಿಗೆ ಬೋರ್ಡು ಬರೆದುಕೊಡುವುದು ಅವರ ಹವ್ಯಾಸ. ದುಂಡಗಿನ ಅಕ್ಷರ, ಹತ್ತು ಮಾರು ದೂರದಿಂದ ಓದಬಹುದಿತ್ತು. ಅವರ ಮನೆತನದ ವಂಶವನ್ನೂ ಗಾದ್ರಪ್ಪನೇ ಹೇಳುತ್ತಿದ್ದುದರಿಂದ ಗುರುತಿತ್ತು. ಒಂದು ದಿನ ಗಾದ್ರಪ್ಪ ಎತ್ತನ್ನು ಅವರ ಜಗಲಿಯ ಮುಂದೆ ಕಟ್ಟಿ, "ನಾನು ಹೇಳ್ತೀನಿ, ನೀವು ಬರೀರಿ ಮೇಷ್ಟ್ರೆ" ಎಂದ.

ಮೇಷ್ಟ್ರು ಮೊದಲು ಒಂದು ಮರ ಬರೆದರು. ಬುಡದಲ್ಲಿ ಮೂಲಪುರುಷ, ಕೊಂಬೆಗಳಲ್ಲಿ ಮಕ್ಕಳು. ಮೂರನೆಯ ತಲೆಮಾರಿಗೆ ಬರುವಷ್ಟರಲ್ಲಿ ಕೊಂಬೆಗಳು ಒಂದರ ಮೇಲೊಂದು ಬಿದ್ದು ಕಾಗೆ ಗೂಡಿನಂತಾಯಿತು. ಹರಿದು ಎಸೆದರು. ಎರಡನೆಯ ಸಲ ಒಂದರ ಪಕ್ಕದಲ್ಲಿ ಒಂದು ಹೆಸರು ಬರೆದುಕೊಂಡು ಹೋದರು. ಆಗ ಯಾರು ಯಾರ ಮಗ ಎಂಬುದೇ ತಿಳಿಯದೆ ಹೋಯಿತು.

ಮೂರನೆಯ ದಿನ ಮೇಷ್ಟ್ರು ಬರೆಯುವುದನ್ನು ನಿಲ್ಲಿಸಿ ಸುಮ್ಮನೆ ಗಾದ್ರಪ್ಪನನ್ನು ನೋಡುತ್ತ ಕೂತರು. ಪಿಸುಗುಡುತ್ತಿದ್ದ ಗಾದ್ರಪ್ಪನ ಬಲಗೈ ಗಾಳಿಯಲ್ಲಿ ಆಡುತ್ತಿತ್ತು. ಮಗನ ಹೆಸರು ಬಂದಾಗ ಕೈ ಒಂದು ಗೇಣು ಬಲಕ್ಕೆ ಸರಿಯುತ್ತಿತ್ತು. ಮೊಮ್ಮಗನ ಹೆಸರಿಗೆ ಇನ್ನೊಂದು ಗೇಣು. ಹೆಂಡತಿಯ ಹೆಸರು ಬಂದಾಗ ಹೆಬ್ಬೆರಳು ತೋರುಬೆರಳು ಸೇರಿ ಬಳೆಯಂತಾಗುತ್ತಿದ್ದವು. ಹಿರಿಯ ಮಗನ ಸಂತಾನವೆಲ್ಲ ಕೊನೆಯ ಕೂಸಿನವರೆಗೆ ಮುಗಿದ ಮೇಲೆ ಕೈ ತಿರುಗಿ ಎಡಕ್ಕೆ ಬಂದು, ಆ ಹಿರಿಯ ಮಗ ಎಲ್ಲಿದ್ದನೋ ಸರಿಯಾಗಿ ಅದೇ ಜಾಗದಲ್ಲಿ ನಿಂತು, ಗಾಳಿಯನ್ನು ಒಮ್ಮೆ ತಟ್ಟುತ್ತಿತ್ತು. ಆಗ ತಮ್ಮನ ಹೆಸರು ಬರುತ್ತಿತ್ತು.

"ಗಾದ್ರಪ್ಪ, ಈ ಕೈ ಆಡಿಸೋದು ಯಾರು ಕಲಿಸಿದ್ರು?" ಎಂದು ಮೇಷ್ಟ್ರು ಕೇಳಿದರು.

ಗಾದ್ರಪ್ಪ ತನ್ನ ಕೈಯನ್ನೇ ಹೊಸದಾಗಿ ನೋಡಿದ. "ನಮ್ಮಪ್ಪಂದೂ ಹಿಂಗೇ ಆಡ್ತಿತ್ತು. ಅವರಪ್ಪಂದೂ ಹಿಂಗೇ ಅಂತೆ."

ಮೇಷ್ಟ್ರಿಗೆ ಆಗ ಹೊಳೆಯಿತು. ಬರೆಯುವ ಕ್ರಮಕ್ಕಾಗಿ ತಾವು ಮೂರು ದಿನದಿಂದ ತಿಣುಕುತ್ತಿದ್ದರೆ, ಅಕ್ಷರ ಕಾಣದ ಜನ ಎಷ್ಟೋ ತಲೆಮಾರಿನಿಂದ ಅದನ್ನು ಗಾಳಿಯಲ್ಲಿ ಬರೆಯುತ್ತಲೇ ಬಂದಿದ್ದರು.

ಆಮೇಲೆ ಕೆಲಸ ಸಲೀಸಾಯಿತು. ನಾಟಕ ಕಂಪನಿಯವರು ಬಿಟ್ಟುಹೋದ ದೊಡ್ಡ ಪೋಸ್ಟರುಗಳು ಮೇಷ್ಟ್ರ ಬಳಿ ಇದ್ದವು. ನಾಲ್ಕನ್ನು ಅಂಟಿನಿಂದ ಸೇರಿಸಿ, ಹಿಂದಿನ ಬಿಳಿ ಮೈಗೆ ಸೀಸದಕಡ್ಡಿಯಿಂದ ಉದ್ದಕ್ಕೆ ಗೆರೆ ಎಳೆದರು. ಎಡಗಡೆಯ ಮೊದಲ ಗೆರೆಗೆ ಮೂಲಪುರುಷ. ಎರಡನೆಯ ಗೆರೆಗೆ ಅವನ ಮಕ್ಕಳು. ಹಾಗೆ ತಲೆಮಾರಿಗೊಂದು ಗೆರೆ ಬಲಕ್ಕೆ. ಗಂಡ ಹೆಂಡಿರ ಹೆಸರಿನ ನಡುವೆ ಬಳೆಯ ಗುರುತಾಗಿ ಒಂದು ಸೊನ್ನೆ. ಒಡಹುಟ್ಟಿದವರಲ್ಲಿ ಮೊದಲನೆಯವರನ್ನು ಬಿಟ್ಟು ಉಳಿದವರ ಹೆಸರಿನ ಮುಂದೆ ಒಂದು ಅಡ್ಡಗೀಟು. ಗಾದ್ರಪ್ಪ ಗಾಳಿ ತಟ್ಟುತ್ತಿದ್ದ ಗುರುತು ಅದು. ಒಂದು ಹೆಸರು ಯಾರ ಮಗು ಎಂದು ತಿಳಿಯಬೇಕಾದರೆ ಅಲ್ಲಿಂದ ಮೇಲಕ್ಕೆ ಕಣ್ಣು ಹಾಯಿಸಬೇಕು. ಒಂದು ಗೆರೆ ಎಡಕ್ಕೆ ಮೊದಲು ಸಿಗುವ ಹೆಸರೇ ಹೆತ್ತವರದು.

ಹೀಗೆ ಮುಗಿದ ಮೊದಲ ವಂಶಾವಳಿ ಕೆರೆಬಿಳಚಿಯ ಮರುಳಸಿದ್ದಪ್ಪನವರ ಮನೆಯದು. ಒಂಬತ್ತು ತಲೆಮಾರು, ನೂರ ಅರವತ್ತಮೂರು ಹೆಸರು, ಬಾಗಿಲಿನಷ್ಟು ಎತ್ತರ. ಮೂವತ್ತೊಂಬತ್ತರ ಬೇಸಿಗೆಯಲ್ಲಿ ಅದನ್ನು ಪಡಸಾಲೆಯ ಗೋಡೆಗೆ ಬಿದಿರು ಸೀಳಿನ ಚೌಕಟ್ಟು ಹಾಕಿ ತೂಗಿಸಿದಾಗ ಕೇರಿಯ ಜನ ಚಪ್ಪಲಿ ಹೊರಗೆ ಬಿಟ್ಟು ಬಂದು ನೋಡಿದರು. ಮರುಳಸಿದ್ದಪ್ಪ ಎಲ್ಲಕ್ಕಿಂತ ಮೇಲಿನ ಹೆಸರನ್ನು ನೋಡುತ್ತ, "ಇವನು ಇಲ್ದಿದ್ರೆ ನಾವ್ಯಾರೂ ಇಲ್ಲ" ಎಂದು ತನಗೆ ತಾನೇ ಹೇಳಿಕೊಂಡರು.

ಅವರ ತಾಯಿ ಅಜ್ಜಮ್ಮನಿಗೆ ಆಗ ಎಪ್ಪತ್ತು ದಾಟಿತ್ತು. "ನಾನೆಲ್ಲಿ ಅದೀನಿ ತೋರಿಸ್ರೋ" ಎಂದಳು. ಅವಳ ಕಿರಿಯ ಮಗ ಹಾಲಪ್ಪ ಮಿಡ್ಲ್‌ಸ್ಕೂಲು ಓದಿದವನು. ಅವಳ ಬೆರಳು ಹಿಡಿದು ಅವಳ ಹೆಸರಿನ ಮೇಲಿಟ್ಟ. ಅಜ್ಜಮ್ಮ ಬೆರಳು ತೆಗೆಯಲಿಲ್ಲ.

"ನನ್ನ ಹೆಸರು ಹಿಂಗೆ ಕಾಣುತ್ತಾ?" ಎಂದಳು. "ಇಷ್ಟು ವರ್ಷ ಅದನ್ನ ಕೂಗಿದ್ದು ಕೇಳೀನಿ. ನೋಡಿರಲಿಲ್ಲ."

ಆಮೇಲೆ ದಿನವೂ ಮಧ್ಯಾಹ್ನ ಯಾರಾದರೊಬ್ಬರಿಂದ ಗೋಡೆ ಓದಿಸುವುದು ಅವಳಿಗೆ ರೂಢಿಯಾಯಿತು. ಒಂದು ದಿನ ಮಾವನ ಹೆಸರು ಬಂದಾಗ ತಡೆದಳು.

"ನಮ್ಮ ಮಾವ ಮೂಕಪ್ಪಗೆ ಒಬ್ಬಳು ತಂಗಿ ಇದ್ಲು ಕಣೋ ಹಾಲಪ್ಪ. ಬಂಗಾರಮ್ಮ. ಕೊನೇ ಕೂಸು. ನಾನು ಈ ಮನೆಗೆ ಬಂದಾಗ ನಂಗೆ ಹತ್ತು ವರ್ಷ, ಅವಳಿಗೆ ಹದಿನಾಲ್ಕೋ ಹದಿನೈದೋ. ಆಲೆಮನೆ ಕೊಪ್ಪರಿಗೆಗೆ ಬಲಗೈ ತಾಗಿ ಮೊಣಕೈವರೆಗೂ ಸುಟ್ಕೊಂಡಿದ್ಲು. ಧಾತು ಸಂವತ್ಸರದ ಬರದಾಗ ಕೂಳು ಹುಡುಕ್ಕೊಂಡು ಹೊಂಟ ಜನರ ಜೊತೆ ಹೋದಾಕಿ ತಿರುಗಿ ಬರಲಿಲ್ಲ. ಸತ್ಲು ಅಂದ್ರು. ಅವಳು ಯಾಕೆ ಇಲ್ಲಿಲ್ಲ?"

"ಹೆಳವಯ್ಯ ಹೇಳಲಿಲ್ಲವಲ್ಲ ಅವ್ವ."

"ಅವರಪ್ಪನ ಕಾಲಕ್ಕೇ ಬಿಟ್ಟಿರಬೇಕು. ಮದುವೆ ಆಗದೆ ಸತ್ತ ಹೆಣ್ಣುಮಗಳನ್ನ ಯಾರು ನೆನೆಸ್ತಾರೆ? ನೀನು ಹಾಕು. ಅವಳೂ ಈ ಮನೇಲೇ ಹುಟ್ಟಿದಾಕಿ."

ಹಾಲಪ್ಪ ಜಾಗ ಹುಡುಕಿದ. ಮೂಕಪ್ಪನ ಸಂತಾನ ಮುಗಿಯುವ ಜಾಗ ಎಲ್ಲೋ ಕೆಳಗಿತ್ತು. ಅಲ್ಲಿ ಮೇಷ್ಟ್ರು ಒತ್ತೊತ್ತಾಗಿ ಬರೆದಿದ್ದರು. ಆದರೆ ಮೂಕಪ್ಪನ ಸಾಲಿನ ಕೆಳಗೇ ಎರಡು ಬೆರಳು ಖಾಲಿ ಇತ್ತು. ಅಣ್ಣನ ಹತ್ತಿರವೇ ತಂಗಿ ಇರಲಿ ಎಂದುಕೊಂಡು, ಅದೇ ಗೆರೆಗೆ ಸರಿಯಾಗಿ ಅಡ್ಡಗೀಟು ಎಳೆದು ಬರೆದ:

ಮೂಕಪ್ಪ ೦ ಅಂತರಘಟ್ಟಮ್ಮ
— ಬಂಗಾರಮ್ಮ, ಬಲಗೈಗೆ ಬೆಲ್ಲದ ಸುಟ್ಟ ಕಲೆ, ಧಾತು ಬರದಲ್ಲಿ ಹೋದವಳು
    ಬೆನಕಪ್ಪ ೦ ಅಜ್ಜಮ್ಮ

ಗೆರೆ ಸರಿಯಾಗಿತ್ತು, ಗುರುತೂ ಸರಿಯಾಗಿತ್ತು. ಬೆನಕಪ್ಪ ಮೂಕಪ್ಪನ ಮಗ ಎಂಬುದು ಮನೆಯವರಿಗೆಲ್ಲ ಗೊತ್ತಿದ್ದ ಮಾತಾದ್ದರಿಂದ ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ.

ಮೂರು ವರ್ಷ ಕಳೆದು ಮರುಳಸಿದ್ದಪ್ಪನವರ ಮಗಳು ಉಚ್ಚಂಗೆಮ್ಮನಿಗೆ ಜಗಳೂರಿನ ಕಡೆಯಿಂದ ಸಂಬಂಧ ಬಂತು. ಹುಡುಗನ ತಾತ ಮಲ್ಲೇಶಪ್ಪನವರೇ ಮನೆಗೆ ಹಿರಿಯರು. ಅರವತ್ತರ ಆಳು, ಮಾತು ಕಡಿಮೆ, ಓದು ಬಲ್ಲವರು. ಬೆಡಗು, ಅಂದರೆ ಗೋತ್ರ, ಬೇರೆ ಬೇರೆಯಾಗಿದ್ದವು. ಹುಡುಗ ಹುಡುಗಿ ಒಪ್ಪಿದ್ದರು. ದಿನ ಗೊತ್ತು ಮಾಡಲು ಮಲ್ಲೇಶಪ್ಪನವರು ಗಾಡಿ ಕಟ್ಟಿಸಿಕೊಂಡು ಕೆರೆಬಿಳಚಿಗೆ ಬಂದರು.

ಪಡಸಾಲೆಯಲ್ಲಿ ಕಂಬಳಿ ಹಾಸಿ ಕೂರಿಸಿ ಪಾನಕ ಕೊಟ್ಟರು. ಅವರು ಲೋಟ ಹಿಡಿದೇ ಗೋಡೆಯ ಮುಂದೆ ನಿಂತು ಮೇಲಿನಿಂದ ಓದುತ್ತ ಬಂದರು. ಮರುಳಸಿದ್ದಪ್ಪ ಗೆರೆ, ಗೀಟು, ಬಳೆಯ ಗುರುತು ಓದುವ ಕ್ರಮ ಹೇಳಿಕೊಟ್ಟು ಹೆಮ್ಮೆಯಿಂದ ನೋಡುತ್ತಿದ್ದರು. ಒಂದು ಸಾಲಿಗೆ ಬಂದಾಗ ಮಲ್ಲೇಶಪ್ಪನವರು ಅಲ್ಲೇ ತಡೆದರು. ಅದೇ ಸಾಲನ್ನು ಮತ್ತೆ ಓದಿದರು. ಲೋಟವನ್ನು ಕೆಳಗಿಟ್ಟು, "ಈ ಮದುವೆ ಆಗಾಕಿಲ್ಲ ಯಜಮಾನ್ರೆ. ತಪ್ಪು ನಿಮ್ಮದಲ್ಲ, ನಂದೂ ಅಲ್ಲ. ಏನೂ ಕೇಳಬ್ಯಾಡ್ರಿ" ಎಂದು ಕೈ ಮುಗಿದು ಗಾಡಿ ಹತ್ತಿಬಿಟ್ಟರು.

ಮನೆ ಸೂತಕದ ಮನೆಯಂತಾಯಿತು. ಹುಡುಗಿಯಲ್ಲಿ ಏನೋ ಐಬು ಇರಬೇಕೆಂದು ಊರು ಆಡಿಕೊಂಡಿತು. ಉಚ್ಚಂಗೆಮ್ಮ ಬಾವಿಗೆ ಹೋಗುವುದನ್ನು ಬಿಟ್ಟಳು. ಕೊನೆಗೆ ಮರುಳಸಿದ್ದಪ್ಪ ಗಾದ್ರಪ್ಪನಿಗೆ ಹೇಳಿ ಕಳಿಸಿದರು. ಎರಡೂ ಮನೆಗಳ ಹೆಳವ ಅವನೇ. ಹೆಳವನ ಮುಂದೆ ಯಾವ ಮನೆಯೂ ಬಾಗಿಲು ಹಾಕುವುದಿಲ್ಲ.

ಗಾದ್ರಪ್ಪ ಮಲ್ಲೇಶಪ್ಪನವರ ಹೊಲಕ್ಕೇ ಹೋದ. ಬೇವಿನ ಮರದ ಕೆಳಗೆ ಇಬ್ಬರೂ ಕೂತರು. ಮಲ್ಲೇಶಪ್ಪನವರು ಬಾಯಿ ಬಿಟ್ಟರು.

"ಗಾದ್ರಪ್ಪ, ನಮ್ಮ ಮನೆ ವಂಶ ಹೇಳೋವಾಗ ನಮ್ಮವ್ವನ ಹೆಸರಿಗೆ ಬಂದು ಏನಂತೀಯ?"

ಗಾದ್ರಪ್ಪನ ಕೈ ತಾನಾಗಿ ಎದ್ದಿತು. "ಬಂಗಾರಮ್ಮ, ಬರದಾಗ ಬಂದಾಕಿ, ತವರು ತಿಳೀದಾಕಿ."

"ಅವಳು ಸಾಯೋವರೆಗೂ ತವರಿನ ಊರು ಹೇಳಲಿಲ್ಲ. 'ಅಲ್ಲಿ ಯಾರೂ ಉಳಿದಿಲ್ಲ, ಬಿಡು' ಅನ್ನೋಳು. ಅಣ್ಣ ಮೂಕಪ್ಪ ಅಂತ ಒಂದು ಹೆಸರು ಬಿಟ್ರೆ ಬೇರೆ ಮಾತಿಲ್ಲ. ಬಲಗೈ ಮೊಣಕೈವರೆಗೂ ಸುಟ್ಟ ಕಲೆ ಇತ್ತು. ಆ ಕೈಯಾಗೇ ನಂಗೆ ಉಣ್ಣಿಸಿದ್ಲು." ಯಾರಾದರೂ ಇದ್ದಾರೆಯೇ ಎಂದು ಸುತ್ತ ನೋಡಿದರು. "ಅವಳು ಆ ಗೋಡೆ ಮೇಲೆ ಅದಾಳೆ. ಅವಳ ಕೆಳಗೆ ಬೆನಕಪ್ಪ, ಇನ್ನಿಬ್ಬರು. ಗಂಡನ ಹೆಸರಿಲ್ಲ, ಬಳೆ ಗುರುತಿಲ್ಲ. ಮೂರು ಮಕ್ಕಳನ್ನ ಬಿಟ್ಟು ಬಂದಿದ್ಲು ನಮ್ಮವ್ವ. ಬೆನಕಪ್ಪ ನಂಗೆ ಒಂದೇ ಹೊಟ್ಟೆ ಅಣ್ಣ. ಅವನ ಮೊಮ್ಮಗಳನ್ನ ನನ್ನ ಮೊಮ್ಮಗನಿಗೆ ಹೆಂಗೆ ತರಲಿ? ಅಣ್ಣ ತಂಗಿ ಅಲ್ವಾ ಅವರು? ಇದನ್ನ ಯಾರ ಮುಂದೆ ಬಾಯಿ ಬಿಡಲಿ?"

ಗಾದ್ರಪ್ಪ ಕಣ್ಣು ಮುಚ್ಚಿದ. ಅವನ ಒಳಗೆ ನಲವತ್ತು ವರ್ಷದಿಂದ ದೂರ ದೂರ ಕೂತಿದ್ದ ಎರಡು ಮನೆಗಳು ಎದ್ದು ಒಂದರ ಎದುರು ಒಂದು ಬಂದು ನಿಂತಿದ್ದವು. ತವರು ತಿಳಿಯದ ಬಂಗಾರಮ್ಮನನ್ನು ಜಗಳೂರಿನಲ್ಲಿ ಹಾಡಿದ ನಾಲಿಗೆಯೇ ಮೂಕಪ್ಪನನ್ನು ಕೆರೆಬಿಳಚಿಯಲ್ಲಿ ಹಾಡಿತ್ತು. ಅಣ್ಣ ತಂಗಿ ಇಬ್ಬರೂ ಇಷ್ಟು ವರ್ಷ ಅವನ ಎತ್ತಿನ ಮೇಲೇ ಓಡಾಡುತ್ತಿದ್ದರು, ಅವನಿಗೆ ಗೊತ್ತಿರಲಿಲ್ಲ.

ಆದರೆ ಒಂದು ಮಾತು ಮಾತ್ರ ಅವನಿಗೆ ಖಂಡಿತ ಗೊತ್ತಿತ್ತು. ಮಲ್ಲೇಶಪ್ಪನವರ ಕಿವಿಗೆ ಬಾಗಿ ಹೇಳಿದ: "ಬೆನಕಪ್ಪ ಮೂಕಪ್ಪನ ಮಗ. ಹೆತ್ತಾಕಿ ಅಂತರಘಟ್ಟಮ್ಮ. ನಮ್ಮಪ್ಪ ಅವನ ತೊಟ್ಟಿಲ ಮುಂದೆ ನಿಂತು ಹೆಸರು ಸೇರಿಸ್ಕಂಡಾನೆ. ಗೋಡೆ ತಪ್ಪೈತೆ ಯಜಮಾನ್ರೆ. ಎಂಟು ದಿನ ಬಿಟ್ಟು ಕೆರೆಬಿಳಚಿಗೆ ಬರ್ರಿ. ಬರಲೇಬೇಕು."

ಅಲ್ಲಿಂದ ನೇರವಾಗಿ ನ್ಯಾಮತಿಗೆ ಹೋಗಿ ಮೇಷ್ಟ್ರನ್ನು ಹೊರಡಿಸಿದ. ಎಂಟನೆಯ ದಿನ ಬೆಳಿಗ್ಗೆ ಪಡಸಾಲೆಯಲ್ಲಿ ಎಲ್ಲರೂ ಸೇರಿದರು. ಮಲ್ಲೇಶಪ್ಪನವರು ಬಾಗಿಲ ಹತ್ತಿರವೇ ನಿಂತರು, ಒಳಗೆ ಕೂರಲು ಒಪ್ಪಲಿಲ್ಲ. ಗಾದ್ರಪ್ಪ ಗೋಡೆಯ ಪಕ್ಕದಲ್ಲಿ ಜನರ ಕಡೆ ಮುಖ ಮಾಡಿ ನಿಂತು ಕಣ್ಣು ಮುಚ್ಚಿದ. ಮೇಷ್ಟ್ರು ಮೊದಲ ಸಾಲಿನಿಂದ ಗಟ್ಟಿಯಾಗಿ ಓದತೊಡಗಿದರು.

ಗಾದ್ರಪ್ಪನ ತುಟಿ ಅಲ್ಲಾಡುತ್ತಿತ್ತು, ಸದ್ದಿರಲಿಲ್ಲ. ಕೈ ಮಾತ್ರ ಮಾತಾಡುತ್ತಿತ್ತು. ಮೇಷ್ಟ್ರು ಒಂದು ಹೆಸರು ಓದಿದರೆ ಕೈ ಒಂದು ಗೇಣು ಸರಿಯುತ್ತಿತ್ತು, ಬಳೆ ಹಿಡಿಯುತ್ತಿತ್ತು, ಹಿಂದಕ್ಕೆ ಬಂದು ತಟ್ಟುತ್ತಿತ್ತು. ಅವನ ಕಣ್ಣು ಮುಚ್ಚಿದ್ದರೂ ಕೈ ಮತ್ತು ಕಾಗದ ಒಂದು ಕೂದಲಷ್ಟೂ ತಪ್ಪಲಿಲ್ಲ. ನಾಲ್ಕು ತಲೆಮಾರು ಹೀಗೇ ಸಾಗಿತು.

"ಮೂಕಪ್ಪ, ಬಳೆ, ಅಂತರಘಟ್ಟಮ್ಮ" ಎಂದು ಮೇಷ್ಟ್ರು ಓದಿದರು. ಗಾದ್ರಪ್ಪನ ಬೆರಳು ಬಳೆಯಾಗಿ, ಕೈ ಒಂದು ಗೇಣು ಬಲಕ್ಕೆ, ಮಕ್ಕಳ ಜಾಗಕ್ಕೆ ಸರಿಯಿತು.

"ಅಡ್ಡಗೀಟು, ಬಂಗಾರಮ್ಮ" ಎಂದರು ಮೇಷ್ಟ್ರು.

ಕೈ ಅಲ್ಲೇ ನಿಂತಿತು. ಗಾದ್ರಪ್ಪ ಕಣ್ಣು ತೆರೆದು ತಲೆ ಅಲ್ಲಾಡಿಸಿದ.

ಮೇಷ್ಟ್ರು ಮೂಗು ಗೋಡೆಗೆ ತಾಗುವಷ್ಟು ಹತ್ತಿರ ಹೋದರು. "ಇದು ನನ್ನ ಅಕ್ಷರ ಅಲ್ಲ. ಮಸಿ ಬೇರೆ. ಯಾರು ಬರೆದದ್ದು?"

"ನಾನೇ ಮೇಷ್ಟ್ರೆ" ಎಂದ ಹಾಲಪ್ಪ, ಅಳುವ ದನಿಯಲ್ಲಿ. "ಅವ್ವ ಹೇಳಿದ್ಲು. ಅಣ್ಣನ ಕೆಳಗೆ ತಂಗೀನ ಬರೆದೆ. ಗೀಟೂ ಹಾಕೀನಿ, ಗೆರೇನೂ ತಪ್ಪಿಸಿಲ್ಲ."

"ತಪ್ಪಿಸಿಲ್ಲ ಕಣಪ್ಪ. ಆದ್ರೆ ಅಪ್ಪನಿಗೂ ಮಕ್ಕಳಿಗೂ ನಡುವೆ ತಂಗೀನ ಕೂರಿಸಿಬಿಟ್ಟೆ. ಮಕ್ಕಳ ಸಾಲಿಂದ ಮೇಲಕ್ಕೆ ನೋಡಿದ್ರೆ ಒಂದು ಗೆರೆ ಎಡಕ್ಕೆ ಮೊದಲು ಸಿಗೋಳು ಬಂಗಾರಮ್ಮ. ಮೂಕಪ್ಪನ ಮಕ್ಕಳು, ಮೊಮ್ಮಕ್ಕಳು ಎಲ್ಲ ಮುಗಿದ ಮೇಲೆ ಅವಳು ಬರಬೇಕಿತ್ತು."

ಮೇಷ್ಟ್ರು ಚೂರಿಯಿಂದ ಆ ಸಾಲನ್ನು ಮೆಲ್ಲಗೆ ಕೆರೆದು ತೆಗೆದರು. ಕೆಳಗೆ, ಮೂಕಪ್ಪನ ಸಂತಾನದ ಕೊನೆಯ ಕೂಸು ಮುಗಿದ ಜಾಗದಲ್ಲಿ ಕಾಗದವನ್ನು ಅಡ್ಡಕ್ಕೆ ಕತ್ತರಿಸಿ, ನಡುವೆ ಒಂದು ಹೊಸ ಹಾಳೆ ಅಂಟಿಸಿದರು. ಮೂಕಪ್ಪನ ಗೆರೆಗೆ ಸರಿಯಾಗಿ ಅಡ್ಡಗೀಟು ಎಳೆದು "ಬಂಗಾರಮ್ಮ" ಎಂದು ಬರೆದು, ಬಾಗಿಲ ಕಡೆ ತಿರುಗಿದರು.

"ನಿಮ್ಮ ತಂದೆಯವರ ಹೆಸರು ಹೇಳ್ರಿ ಯಜಮಾನ್ರೆ."

ಮಲ್ಲೇಶಪ್ಪನವರು ಹೇಳಿದರು. ಮೇಷ್ಟ್ರು ಸೊನ್ನೆ ಇಟ್ಟು ಆ ಹೆಸರು ಬರೆದರು. ಒಂದು ಗೆರೆ ಬಲಕ್ಕೆ ಮಲ್ಲೇಶಪ್ಪ ಎಂದು ಬರೆದರು. ಅದೇ ಗೆರೆಯಲ್ಲಿ, ಮೇಲೆ, ಬೆನಕಪ್ಪನ ಹೆಸರಿತ್ತು. ಒಬ್ಬ ಅಣ್ಣನ ಮಗ, ಇನ್ನೊಬ್ಬ ತಂಗಿಯ ಮಗ. ಭಾವ ಮೈದುನರು. ಅವರ ಮೊಮ್ಮಕ್ಕಳು ಮದುವೆಯಾಗುವುದಕ್ಕೆ ತಡೆಯ ಮಾತು ಹಾಗಿರಲಿ, ಕೇಳಿ ತರಬೇಕಾದ ಸಂಬಂಧ ಅದು.

ಅಲ್ಲಿಯವರೆಗೆ ಅಜ್ಜಮ್ಮ ಕಂಬಕ್ಕೆ ಒರಗಿ ಕೂತಿದ್ದಳು. ಎದ್ದು ಬಂದು ಮಲ್ಲೇಶಪ್ಪನವರ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದಳು.

"ಬದುಕಿದ್ಲಾ?" ಎಂದಳು. "ಉಂಡು ಉಟ್ಟು ಬದುಕಿದ್ಲಾ?"

"ಎಪ್ಪತ್ತು ವರ್ಷ ಬದುಕಿದ್ಲು ಅಕ್ಕ. ಐದು ಮಕ್ಕಳು."

"ಸತ್ಲು ಅಂತ ಎಡೆ ಇಟ್ಟಿದ್ವಲ್ಲೋ ನಾವು" ಎಂದು ಅಜ್ಜಮ್ಮ ನಗುತ್ತ ಅತ್ತಳು. ಮಲ್ಲೇಶಪ್ಪನವರು ಹೊಸ್ತಿಲು ದಾಟಿ ಒಳಗೆ ಬಂದು, ತಾಯಿಯ ಹೆಸರಿನ ಮುಂದೆ ನೆಲಕ್ಕೆ ಹಣೆ ಹಚ್ಚಿದರು. ಏಳಲು ತುಂಬ ಹೊತ್ತು ಹಿಡಿಯಿತು. ಯಾರೂ ಅವರನ್ನು ಎಬ್ಬಿಸಲಿಲ್ಲ.

ಆ ವರ್ಷವೇ ಉಚ್ಚಂಗೆಮ್ಮನ ಮದುವೆಯಾಯಿತು. ಧಾರೆಗೆ ಮೊದಲು ಮಲ್ಲೇಶಪ್ಪನವರು ಸೀರೆ ಕುಪ್ಪಸ ತಂದು, ತವರಿನ ಉಡಿಯಕ್ಕಿ ಕಾಣದೆ ಹೋದ ತಮ್ಮ ತಾಯಿಯ ಹೆಸರಲ್ಲಿ ಉಚ್ಚಂಗೆಮ್ಮನ ಉಡಿ ತುಂಬಬೇಕೆಂದು ಅಜ್ಜಮ್ಮನನ್ನು ಕೇಳಿದರು. ಆ ಮನೆಯಿಂದ ಬಂಗಾರಮ್ಮನಿಗೆ ಸಲ್ಲಬೇಕಿದ್ದ ಅಕ್ಕಿ, ಕೊಬ್ಬರಿ, ಬೆಲ್ಲವನ್ನು ಅಜ್ಜಮ್ಮ ಮೊಮ್ಮಗಳ ಉಡಿಗೆ ಹಾಕಿದಳು.

ಗಾದ್ರಪ್ಪ ಮತ್ತು ಮೇಷ್ಟ್ರು ಆಮೇಲೆ ಐದಾರು ವರ್ಷ ಕೂತು ಬರೆದರು. ಯುದ್ಧದ ಕಾಲಕ್ಕೆ ಕಾಗದ ಸಿಗುವುದು ಕಷ್ಟವಾದಾಗ ಹಳೆಯ ಪಂಚೆಗೆ ಗಂಜಿ ಹಾಕಿ ಒಣಗಿಸಿ ಅದರ ಮೇಲೆ ಬರೆದದ್ದೂ ಉಂಟು. ಈಗ ಮೇಷ್ಟ್ರು ಪ್ರತಿಯೊಬ್ಬರ ಸಂತಾನ ಮುಗಿದ ಜಾಗದಲ್ಲಿ ನಾಲ್ಕು ಬೆರಳು ಖಾಲಿ ಬಿಡುತ್ತಿದ್ದರು. ಗಾದ್ರಪ್ಪ ಪ್ರತಿ ಮನೆಯಲ್ಲೂ ಮೊದಲು ಮುದುಕಿಯರನ್ನು ಕರೆಸಿ ಕೂರಿಸಿಕೊಂಡು, "ಹೋದ ಹೆಣ್ಮಕ್ಕಳು ಯಾರಾದ್ರೂ ಅದಾರಾ ತಾಯಿ?" ಎಂದು ಕೇಳುತ್ತಿದ್ದ. ಅವರು ಹೇಳಿದ ಹೆಸರುಗಳಿಗೆ ತವರೋ ಗಂಡನ ಮನೆಯೋ ತನ್ನ ಒಳಗೆಲ್ಲಾದರೂ ಇದೆಯೇ ಎಂದು ಹುಡುಕುತ್ತ ಎಷ್ಟೋ ಹೊತ್ತು ಕಣ್ಣು ಮುಚ್ಚಿ ಕೂರುತ್ತಿದ್ದ. ಹಾಗೆ ಇನ್ನೂ ಏಳು ಹೆಣ್ಣುಮಕ್ಕಳಿಗೆ ತವರು ಸಿಕ್ಕಿತು.

ನಲವತ್ತೇಳರ ಬೇಸಿಗೆಯಲ್ಲಿ ನೂರ ನಲವತ್ತನೆಯ ಮನೆ ಮುಗಿಯಿತು. ಅದು ತ್ಯಾವಣಿಗೆಯದು. ಮೇಷ್ಟ್ರು ಕುಂಚ ತೊಳೆಯುತ್ತ, "ಗಾದ್ರಪ್ಪ, ನಿಮ್ಮ ಮನೇದು?" ಎಂದು ಕೇಳಿದರು.

ಗಾದ್ರಪ್ಪ ತಬ್ಬಿಬ್ಬಾದ. ತನ್ನ ವಂಶವನ್ನು ಅವನು ಯಾರ ಅಂಗಳದಲ್ಲೂ ಹೇಳಿರಲಿಲ್ಲ. ಅವನಿಗೆ ಅದನ್ನು ಯಾರೂ ಹೇಳಿರಲಿಲ್ಲ. ಕೈ ಎತ್ತಿದ. ತಾತನವರೆಗೆ ಬಂತು, ಅದರಾಚೆ ಕೈಗೆ ದಾರಿ ಸಿಗಲಿಲ್ಲ. "ಮೂರೇ ತಲೆ ಮೇಷ್ಟ್ರೆ" ಎಂದು ನಕ್ಕ.

ಮೇಷ್ಟ್ರು ಮೂರು ತಲೆಮಾರು ಬರೆದರು. ಕೊನೆಯ ಸಾಲಿಗೆ ಗಾದ್ರಪ್ಪ, ಬಳೆಯ ಸೊನ್ನೆ, ಅಂಜಿನಮ್ಮ. ಗಾದ್ರಪ್ಪ ಆ ಕಾಗದವನ್ನು ಸುರುಳಿ ಸುತ್ತಿ ಎತ್ತಿನ ಮೇಲಿಟ್ಟುಕೊಂಡು ಜಗಳೂರಿನ ದಾರಿ ಹಿಡಿದ. ಹಟ್ಟಿ ತಲುಪಿದಾಗ ಅಂಜಿನಮ್ಮ ಕುರಿಗಳಿಗೆ ನೀರು ಕುಡಿಸುತ್ತಿದ್ದಳು. ಕೈ ಒರೆಸಿಕೊಂಡು ಬಂದವಳು ಸುರುಳಿ ಬಿಚ್ಚಿ, ತಲೆಕೆಳಗಾಗಿ ಹಿಡಿದು, ಬಹಳ ಹೊತ್ತು ನೋಡಿದಳು.